ಸನ್ಮಾನದ ಕಂಬಳಿಗೆ ನೂಲು ತೆಗೆದವರ ಕೂಲಿ ಎಲ್ಲಿ?

ನಮ್ಮ ಹಲಬರ್ಗಾ ಕಡೆ ಯಾವ ದೊಡ್ಡವರು ಬಂದರೂ ವೇದಿಕೆ ಮೇಲೆ ಒಂದು ಕರಿ ಕಂಬಳಿ ಹೊದಿಸುತ್ತೇವೆ. ಕೈಗೆ ಒಂದು ಕುರಿಮರಿ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಇಂಥ ಫೋಟೋ ನಾನೂ ಬಹಳ ತೆಗೆದು ಪೇಪರಿಗೆ ಕಳಿಸಿದ್ದೇನೆ. ಒಂದು ಸಲ ಕಾರ್ಯಕ್ರಮ ಮುಗಿದ ಮೇಲೆ ಕುರ್ಚಿ ಮೇಲೆ ಬಿಟ್ಟುಹೋಗಿದ್ದ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು ಕಡ್ಡಿ ಗೀರಿ ನೋಡಿದೆ. ಎಳೆ ಕರಗಿ ಗಟ್ಟಿ ಮಣಿ ಆಯಿತು. ಅದು ಉಣ್ಣೆ ಅಲ್ಲ, ಪ್ಲಾಸ್ಟಿಕ್ ನೂಲು. ಉಣ್ಣೆ ಆಗಿದ್ದರೆ ಕೂದಲು ಸುಟ್ಟ ವಾಸನೆ ಬರುತ್ತಿತ್ತು, ಬೂದಿ ಬೆರಳಲ್ಲಿ ಪುಡಿಯಾಗುತ್ತಿತ್ತು. ಈ ಪರೀಕ್ಷೆ ನೀವೂ ಮನೆಯಲ್ಲಿ ಮಾಡಿ ನೋಡಿ.

ಕಂಬಳಿಯನ್ನು ಹೊರಗಿನ ಊರಿಗೆ ಮಾರುವ ಮಾತು ಬಂದರೆ ಎಲ್ಲರೂ ಮೂರೇ ಮಾತು ಹೇಳುತ್ತಾರೆ: ತರಬೇತಿ ಕೊಡಿ, ಹೊಸ ಮಗ್ಗ ಕೊಡಿ, ಮೇಳದಲ್ಲಿ ಮಳಿಗೆ ಕೊಡಿ. ನಾನು ಇದನ್ನು ಒಪ್ಪುವುದಿಲ್ಲ. ನೇಯುವುದು ನಮ್ಮ ಹಿರಿಯರಿಗೆ ಗೊತ್ತಿದೆ. ಗೊತ್ತಿಲ್ಲದ್ದು, ಅಥವಾ ಗೊತ್ತಿದ್ದೂ ಯಾರೂ ಬಾಯಿ ಬಿಡದ್ದು ಒಂದೇ: ಕಂಬಳಿಯ ಬೆಲೆಯಲ್ಲಿ ಹೆಣ್ಣುಮಕ್ಕಳ ಕೂಲಿಯೇ ಇಲ್ಲ. ಆ ಕೂಲಿ ಸೇರಿಸದೆ ಮಾರಿದರೆ ಮಾರಿದಷ್ಟೂ ಲುಕ್ಸಾನು.

ನೇಯುವ ಒಬ್ಬ ಮುತ್ಯಾನ ಹತ್ತಿರ ಕೂತು ಕೇಳಿದೆ: "ಮುತ್ಯಾ, ಒಂದು ಕಂಬಳಿಗೆ ಎಷ್ಟು ದಿನ ಬೇಕ್ರಿ?"

"ಎರಡು ದಿನ ಸಾಕು ನೋಡಪಾ."

ಒಳಗಿಂದ ಆಯಿ ಅಂದಳು: "ಎರಡು ದಿನಾ? ನೂಲು ಮ್ಯಾಲಿಂದ ಬಿತ್ತೇನು?"

ನನ್ನ ವಾದವೆಲ್ಲ ಆಯಿಯ ಆ ಒಂದು ಮಾತಿನಲ್ಲೇ ಇದೆ. ಮಗ್ಗದ ಮೇಲಿನ ಎರಡು ದಿನ ಕೆಲಸದ ಕೊನೆಯ ತುದಿ ಮಾತ್ರ. ಅದಕ್ಕೂ ಮೊದಲು ಕುರಿ ತೊಳೆದು ಉಣ್ಣೆ ಕತ್ತರಿಸಬೇಕು. ನಮ್ಮ ದಖ್ಖನಿ ಕುರಿಯ ಮೈಮೇಲೆ ಒಂದು ಸಲಕ್ಕೆ ಅರ್ಧ ಕಿಲೋ ಉಣ್ಣೆ ಸಿಗುವುದೂ ಕಷ್ಟ, ಹಾಗಾಗಿ ಒಂದು ಕಂಬಳಿಗೆ ಒಂದು ಹಿಂಡೇ ಬೇಕು. ಆಮೇಲೆ ಕಸ ಮುಳ್ಳು ಆರಿಸಬೇಕು, ಹಿಂಜಬೇಕು, ರಾಟಿ ಮೇಲೆ ನೂಲು ತೆಗೆಯಬೇಕು. ನಂತರ ಹಾಸು ಹಾಕಿ, ಹುಣಸೆ ಬೀಜ ಅರೆದು ಕುದಿಸಿದ ಗಂಜಿ ಸವರಿ ಒಣಗಿಸಬೇಕು. ಆಗ ಮಾತ್ರ ಎಳೆ ಕುಣಿಮಗ್ಗದ ಪೆಟ್ಟು ತಡೆಯುತ್ತದೆ.

ಈಗ ಲೆಕ್ಕ ಹಾಕೋಣ. ಅಂಕಿಗಳು ತಿಳಿಯಲಿ ಎಂದು ನಾನೇ ಇಟ್ಟುಕೊಂಡವು, ನಿಮ್ಮ ಮನೆಯ ಅಂಕಿ ಹಾಕಿ ತಿದ್ದಿಕೊಳ್ಳಿ. ಉಣ್ಣೆ, ಹುಣಸೆ ಬೀಜ ಸೇರಿ 250 ರೂಪಾಯಿ. ಹಿಂಜಲು 1 ದಿನ, ನೂಲು ತೆಗೆಯಲು 8 ದಿನ, ಹಾಸು ಮತ್ತು ಗಂಜಿಗೆ ಇಬ್ಬರಿಗೆ ಒಂದೊಂದು ದಿನ, ನೇಯಲು 2 ದಿನ. ಒಟ್ಟು 13 ಆಳಿನ ದಿನ. ಹೊಲದ ಕೂಲಿಯಂತೆ ದಿನಕ್ಕೆ 300 ಹಿಡಿದರೆ 3,900. ಸಾಮಾನು ಸೇರಿ 4,150. ಲಾಭ ಇನ್ನೂ ಸೇರಿಲ್ಲ.

ಇದೇ ಕಂಬಳಿಯನ್ನು ಸಂತೆಯಲ್ಲಿ 1,500ಕ್ಕೆ ಕೊಟ್ಟರೆ ಏನಾಗುತ್ತದೆ? ಸಾಮಾನಿನ 250 ಕಳೆದು ಉಳಿದ 1,250 ಅನ್ನು 13 ದಿನಕ್ಕೆ ಹಂಚಿದರೆ ದಿನಕ್ಕೆ ನೂರು ರೂಪಾಯಿಯೂ ಬೀಳುವುದಿಲ್ಲ. ನೇಯುವವನು ತನ್ನ ಎರಡು ದಿನಕ್ಕೆ 600 ತೆಗೆದುಕೊಂಡು "ಪರವಾಗಿಲ್ಲ" ಅನ್ನುತ್ತಾನೆ. ಎಂಟು ದಿನ ರಾಟಿ ತಿರುಗಿಸಿದ ಆಯಿಗೆ ಏನೂ ಉಳಿಯುವುದಿಲ್ಲ. ಆಕೆಯ ಸೊಸೆ ರಾಟಿ ಮುಟ್ಟದೆ ಕಳೆ ಕೀಳಲು ಹೋಗುತ್ತಾಳೆ, ಅದು ಸರಿಯೇ. ಮಗ್ಗ ನಿಂತದ್ದು ಮಗ್ಗ ಇಲ್ಲದ್ದಕ್ಕಲ್ಲ, ನೂಲು ಇಲ್ಲದ್ದಕ್ಕೆ. ಅಂಥ ಮನೆಗೆ ಇನ್ನೊಂದು ಮಗ್ಗ ಕೊಟ್ಟು ಏನು ಮಾಡುವುದು?

"4,150 ಯಾರು ಕೊಡ್ತಾರ್ರಿ?" ಅಂತ ಕೇಳುತ್ತೀರಿ. ನಮ್ಮೂರಲ್ಲಿ ಯಾರೂ ಕೊಡುವುದಿಲ್ಲ. ಹೊರಗೆ ಮಾರಬೇಕು ಅನ್ನುವುದು ಅದಕ್ಕೇ. ಆದರೆ ಫೋನಿನಲ್ಲಿ ಫೋಟೋ ನೋಡಿದ ಹೈದರಾಬಾದಿನವರೂ ಮುಟ್ಟದ ಕಂಬಳಿಗೆ ಮೊದಲ ಸಲವೇ ಅಷ್ಟು ಹಣ ಕಳಿಸುವುದಿಲ್ಲ. ಆದ್ದರಿಂದ ಚಿಕ್ಕದರಿಂದ ಶುರು ಮಾಡಬೇಕು. ಎಂಟು ಅಡಿಗೆ ಐದು ಅಡಿಯ ಕಂಬಳಿ ಅಂದರೆ 40 ಚದರ ಅಡಿ. ಅದೇ ನೂಲಿನಲ್ಲಿ ಎರಡಡಿಗೆ ಎರಡಡಿಯ ಹತ್ತು ಆಸನ ಬರುತ್ತವೆ. ಒಂದಕ್ಕೆ 415 ಬಿತ್ತು. ಅಂಚು ಹೊಲಿಗೆ, ಚೀಟಿ, ಪಾರ್ಸಲ್ಲಿಗೆ 135, ಮಾರುವವರಿಗೆ 100. ಒಟ್ಟು 650. ಪೂಜೆಗೆ, ಧ್ಯಾನಕ್ಕೆ ಕೂರುವವರು 650 ಕೊಟ್ಟು ಪರೀಕ್ಷೆ ಮಾಡುತ್ತಾರೆ. ಒಪ್ಪಿಗೆಯಾದರೆ ಕಂಬಳಿ ಕೇಳುತ್ತಾರೆ.

ಮಾಲು ವಾಪಸ್ ಬರುವುದು ಯಾಕೆ ಅಂತಲೂ ತಿಳಿದಿರಬೇಕು. ಒಂದು ಆಸನ ಎರಡಡಿ, ಇನ್ನೊಂದು ಒಂದೂಮುಕ್ಕಾಲು ಅಡಿ ಇದ್ದರೆ ವಾಪಸ್ ಬರುತ್ತದೆ. ಸರಿಯಾಗಿ ಒಣಗದೆ ಕಟ್ಟಿದ್ದರೆ ವಾಸನೆ ಹಿಡಿಯುತ್ತದೆ. ಗಂಜಿಯಿಂದ ಬಂದ ಬಿರುಸನ್ನು ಮೊದಲೇ ಹೇಳದಿದ್ದರೆ ಪಟ್ಟಣದವರು ಕೆಟ್ಟ ಮಾಲು ಅನ್ನುತ್ತಾರೆ. ಬಿಸಿನೀರಲ್ಲಿ, ಮಷೀನಿನಲ್ಲಿ ಒಗೆದರೆ ಉಣ್ಣೆ ಕುಗ್ಗಿ ದಪ್ಪಗಾಗುತ್ತದೆ. ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಹೊಲಿಯಿರಿ. ಅದೇ ಚೀಟಿಯಲ್ಲಿ ನೂಲು ತೆಗೆದವರ ಹೆಸರು ಮೊದಲು, ನೇಯ್ದವರ ಹೆಸರು ಆಮೇಲೆ ಇರಲಿ. ಕರಾವಳಿಯ ಉಡುಪಿ ಸೀರೆಯ ಜೊತೆ ನೇಯ್ದವರ ಹೆಸರು, ಫೋಟೋ ಇರುವ ಚೀಟಿ ಹೋಗುತ್ತದೆ. ಕದಿಕೆ ಟ್ರಸ್ಟಿನವರೂ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದವರೂ ಮಾಡಿದ ಕೆಲಸ ಅದು. ನಮ್ಮಲ್ಲಿ ರಾಟಿಯ ಹೆಸರೂ ಸೇರಬೇಕು.

ಇನ್ನೊಂದು ಎಚ್ಚರಿಕೆ. ಉದ್ರಿ ಮಾಲು ಕೊಡಬೇಡಿ. ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನ ಅವರು ಕಟ್ಟಿದ 'ಚರಕ' ನೂರಾರು ಹೆಣ್ಣುಮಕ್ಕಳಿಗೆ ಕೆಲಸ ಕೊಟ್ಟ ಸಂಸ್ಥೆ. 'ದೇಸಿ' ಅಂಗಡಿಗಳಲ್ಲಿ ಅದರ ಬಟ್ಟೆ ಪಟ್ಟಣ ತಲುಪಿತ್ತು. ಅಂಥದ್ದೂ 2020ರಲ್ಲಿ ತಾನು ದಿವಾಳಿ ಆಗಿದ್ದೇನೆ ಎಂದು ಹೇಳಬೇಕಾಯಿತು. ಕೈಕೆಲಸದಲ್ಲಿ ಕೂಲಿ ವಾರವಾರ ಕೊಡಬೇಕು, ಬಟ್ಟೆಯ ಹಣ ತಿಂಗಳುಗಟ್ಟಲೆ ಆದಮೇಲೆ ಬರುತ್ತದೆ. ದೊಡ್ಡ ಸಂಸ್ಥೆಗೇ ತಡೆಯಲು ಆಗದ್ದನ್ನು ನಾಲ್ಕು ಮನೆಯ ಗುಂಪು ತಡೆಯುವುದಿಲ್ಲ. ಅರ್ಧ ಹಣ ಮುಂಗಡ ಬಂದಮೇಲೆ ಹಾಸು ಹಾಕಿ.

ಸರ್ಕಾರಕ್ಕೂ ಒಂದು ಮಾತು. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯ ಪಟ್ಟಿಯಲ್ಲಿ ಕಂಬಳಿಯ ಹೆಸರೂ ಇದೆ. ಅಂದರೆ ಪಟ್ಟಿಯಲ್ಲಿ ಹೇಳಿದ ಬಗೆಯ ಕಂಬಳಿಯನ್ನು ವಿದ್ಯುತ್ ಮಗ್ಗದಲ್ಲಿ ನೇಯುವಂತಿಲ್ಲ. ಪ್ಲಾಸ್ಟಿಕ್ ನೂಲಿನದು ಆ ಕಾಯ್ದೆಗೆ ಸಿಗದೆ ಜಾರಿಕೊಳ್ಳಬಹುದು. ಆದರೆ ಸರ್ಕಾರಿ ಸಮಾರಂಭಕ್ಕೆ ಅದನ್ನು ಕೊಳ್ಳಬೇಡಿ ಎಂದು ಆದೇಶಿಸಲು ಯಾವ ಕಾಯ್ದೆಯೂ ಅಡ್ಡ ಬರುವುದಿಲ್ಲ.

ಖಾನಾಪುರದ ಮೈಲಾರ ಮಲ್ಲಣ್ಣನ ಗುಡಿಯಲ್ಲಿ ಕಂಬಳಿ ಹಾಸಿ ಕೂರುವವರು ನಾವು. ಮುಂದಿನ ಸನ್ಮಾನಕ್ಕೆ ಕಂಬಳಿ ತರುವವರನ್ನು ಒಂದೇ ಪ್ರಶ್ನೆ ಕೇಳಿ: ಇದರ ನೂಲು ತೆಗೆದ ಆಯಿ ಯಾರು, ಆಕೆಗೆ ಎಷ್ಟು ಕೊಟ್ಟಿರಿ? ಉತ್ತರ ಬರದಿದ್ದರೆ ಒಂದು ಎಳೆ ಕೀಳಿ, ಕಡ್ಡಿ ಗೀರಿ. ಫೋಟೋ ನಾನು ತೆಗೆಯುತ್ತೇನೆ.