ಧರ್ಮದ ಕಾಲಮ್ಮಿನಲ್ಲಿ ಏನು ಬರೆಯಲಿ, ಮಾಮಾ?

ಪ್ರತಿ ವರ್ಷ ಗಣಪತಿ ಹಬ್ಬ ಮುಗಿದ ಮೇಲೆ ಪುಣೆಯ ನಮ್ಮ ಮನೆಗೆ ಪ್ರಬಂಧಗಳು ಬರತೊಡಗುತ್ತವೆ. ಬಂಧುಗಳ, ಗೆಳೆಯರ, ಕನ್ನಡ ಸಂಘದ ಪರಿಚಯದವರ ಮಕ್ಕಳು ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುವ ಕಾಲ ಅದು. ಅಲ್ಲಿನ ಬಹಳಷ್ಟು ಕಾಲೇಜುಗಳು ಒಪ್ಪುವ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ ಒಂದು ಸ್ವಂತ ಪ್ರಬಂಧ ಬರೆಯಬೇಕು, 650 ಪದ ಮೀರುವಂತಿಲ್ಲ. ಕೊಟ್ಟಿರುವ ವಿಷಯಗಳಲ್ಲಿ ಒಂದು, ನೀವು ಯಾವುದಾದರೂ ನಂಬಿಕೆಯನ್ನು ಪ್ರಶ್ನಿಸಿದ ಸಂದರ್ಭದ ಬಗ್ಗೆ. ನಮ್ಮ ಮಕ್ಕಳು ಅದನ್ನು ಓದಿದ ಕೂಡಲೇ ಜಾತಿ, ಧರ್ಮ, ರಾಜಕೀಯದ ಕಡೆ ಹೊರಳುತ್ತಾರೆ. ತಂದೆತಾಯಿ ಅಷ್ಟೇ ಬೇಗ ಗಾಬರಿಯಾಗುತ್ತಾರೆ. ದುಡ್ಡು ತೆಗೆದುಕೊಳ್ಳುವ ಸಲಹೆಗಾರರು "ಅದೆಲ್ಲ ಬೇಡ, ಫುಟ್‌ಬಾಲ್ ಬಗ್ಗೆ ಬರೆ" ಅನ್ನುತ್ತಾರೆ.

ಆ ಸಲಹೆ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ತೊಂದರೆ ವಿಷಯದ್ದಲ್ಲ. ಹದಿನೇಳರ ಹುಡುಗಿ ತನ್ನ ನಿಲುವನ್ನೇ ಪ್ರಬಂಧ ಅಂದುಕೊಂಡಾಗ ತೊಂದರೆ ಶುರುವಾಗುತ್ತದೆ. ಇದನ್ನು ನನ್ನ ತಂಗಿಯ ಮಗಳ ಪ್ರಬಂಧದಿಂದಲೇ ಹೇಳುತ್ತೇನೆ, ಅವಳ ಒಪ್ಪಿಗೆ ಪಡೆದು.

ಅವಳು ಪುಣೆಯಲ್ಲೇ ಹುಟ್ಟಿ ಬೆಳೆದವಳು, ಅಜ್ಜನ ಮನೆ ಸೊಲ್ಲಾಪುರ. ಮೊದಲ ಕರಡಿನ ತಿರುಳು ಇಷ್ಟು: ಬಸವಣ್ಣ ಹನ್ನೆರಡನೇ ಶತಮಾನದಲ್ಲೇ ಜಾತಿಯನ್ನು ತಿರಸ್ಕರಿಸಿದ, ಆದ್ದರಿಂದ ಲಿಂಗಾಯತ ಬೇರೆ ಧರ್ಮ, ರಾಜಕೀಯದವರು ಜನರನ್ನು ದಾರಿ ತಪ್ಪಿಸುತ್ತಿದ್ದಾರೆ, ತಾನು ಸಮಾನತೆಯಲ್ಲಿ ನಂಬಿಕೆ ಇಟ್ಟವಳು. ಭಾಷೆ ಚೆನ್ನಾಗಿತ್ತು. ನಾನು ಪೆನ್ಸಿಲ್ ಕೊಟ್ಟು ಒಂದು ಕೆಲಸ ಹೇಳಿದೆ. ನಿನ್ನ ಪಕ್ಷದವರೇ ಆದ, ಆದರೆ ನಿನ್ನ ಪರಿಚಯವೇ ಇಲ್ಲದ ಒಬ್ಬರು ಬರೆಯಬಹುದಾದ ವಾಕ್ಯಗಳಿಗೆಲ್ಲ ಗೆರೆ ಎಳಿ ಎಂದೆ. ಮೂವತ್ತೊಂದು ವಾಕ್ಯಗಳಲ್ಲಿ ಇಪ್ಪತ್ತಾರಕ್ಕೆ ಗೆರೆ ಬಿತ್ತು. ಉಳಿದ ಐದರಲ್ಲಿ ಮೂರು ಅವಳ ವಯಸ್ಸು, ಊರು, ಶಾಲೆಯ ಬಗ್ಗೆ.

ಅಲ್ಲಿ ಪ್ರಬಂಧ ಓದುವವರು ಒಂದು ಋತುವಿನಲ್ಲಿ ನೂರಾರು ಅರ್ಜಿ ನೋಡುತ್ತಾರೆ, ಒಂದೊಂದಕ್ಕೆ ಸಿಗುವುದು ಕೆಲವೇ ನಿಮಿಷ. ಲಿಂಗಾಯತ ಬೇರೆ ಧರ್ಮ ಹೌದೋ ಅಲ್ಲವೋ ಎಂದು ತೀರ್ಪು ಕೊಡಲು ಅವರು ಕೂತಿಲ್ಲ. ಈ ಹುಡುಗಿ ನಾಳೆ ತರಗತಿಯಲ್ಲಿ ಕೂತಾಗ, ತನಗೆ ಒಪ್ಪಿಗೆಯಾಗದ ಮಾತು ಕೇಳಿದಾಗ, ಅವಳ ತಲೆ ಹೇಗೆ ಓಡುತ್ತದೆ ಅನ್ನುವುದಷ್ಟೇ ಅವರಿಗೆ ಬೇಕು. ಗೆರೆ ಬಿದ್ದ ಇಪ್ಪತ್ತಾರು ವಾಕ್ಯ ಅದನ್ನು ಹೇಳಲಾರವು.

"ಈ ಪ್ರಶ್ನಿ ನಿನಗ ಮೊದಲನೇ ಸಲ ಯಾವಾಗ ಬಂತವ್ವಾ?" ಎಂದು ಕೇಳಿದೆ.

"ಹತ್ತನೇತ್ತಾ ಮುಗಿದ ಮ್ಯಾಲ ಶಾಲಿಯಿಂದ ಎಲ್‌ಸಿ ತಂದ್ವಲ್ಲ ಮಾಮಾ, ಅದರಾಗ 'ಹಿಂದೂ ಲಿಂಗಾಯತ' ಅಂತಿತ್ತು. ಅಜ್ಜ ನೋಡಿ ಸಿಟ್ಟಾದರು. ಸಣ್ಣಜ್ಜ ನಕ್ಕರು. ಆಮ್ಯಾಲ ಜೂನಿಯರ್ ಕಾಲೇಜಿನ ಫಾರ್ಮಿನ ಧರ್ಮದ ಕಾಲಮ್ಮಿನ್ಯಾಗ ಏನ್ ಬರೀಲಿ ಅಂತ ನಿಮಗ ಫೋನ್ ಮಾಡಿದ್ನಿ, ನೆನಪೈತೇನು?"

ನೆನಪಿತ್ತು. ಪ್ರಬಂಧ ಅಲ್ಲಿತ್ತು, ಕರಡಿನಲ್ಲಿ ಅದರ ಸುಳಿವೂ ಇರಲಿಲ್ಲ.

2018ರ ಮಾರ್ಚಿನಲ್ಲಿ ಕರ್ನಾಟಕ ಸರ್ಕಾರ ಲಿಂಗಾಯತವನ್ನು ಪ್ರತ್ಯೇಕ ಧರ್ಮವೆಂದು ಮಾನ್ಯ ಮಾಡುವಂತೆ ಕೇಂದ್ರಕ್ಕೆ ಶಿಫಾರಸು ಮಾಡಿತ್ತು, ಕೇಂದ್ರ ಒಪ್ಪಲಿಲ್ಲ. ಆ ದಿನಗಳಲ್ಲಿ ಸೊಲ್ಲಾಪುರದ ಮನೆಯಲ್ಲಿ ಅಣ್ಣತಮ್ಮಂದಿರಾದ ಇಬ್ಬರು ಅಜ್ಜಂದಿರು ಮಾತು ಬಿಟ್ಟಿದ್ದರು. ಹತ್ತು ವರ್ಷದ ಹುಡುಗಿ ಆ ಬೇಸಿಗೆ ಅಲ್ಲೇ ಇದ್ದಳು. ಒಬ್ಬರ ಜೊತೆ ಒಬ್ಬರು ಮಾತಾಡದಿದ್ದರೂ ಬೆಳಗ್ಗೆ ಇಬ್ಬರೂ ಒಂದೇ ಕೋಣೆಯಲ್ಲಿ, ಒಂದು ಮಾರು ಅಂತರದಲ್ಲಿ ಕೂತು, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಪೂಜೆ ಮಾಡುತ್ತಿದ್ದರು. ವಿಭೂತಿ ಗಟ್ಟಿಯೂ ಒಂದೇ. ಅವಳಿಗೆ ಆಗ ಹುಟ್ಟಿದ ಪ್ರಶ್ನೆ: ಪೂಜೆಯಲ್ಲಿ ಏನೂ ವ್ಯತ್ಯಾಸವಿಲ್ಲದಿದ್ದರೆ ಇವರು ಜಗಳವಾಡುತ್ತಿರುವುದು ಯಾವುದರ ಬಗ್ಗೆ?

ಇದು ಯೋಚನೆ ಶುರುವಾಗುವ ಜಾಗ. ಎರಡನೇ ಕರಡಿಗೆ ಮುಂಚೆ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿಕೊಂಡು ಬಾ ಎಂದೆ. ಅಜ್ಜ ಹೇಳಿದ್ದು: "ಜಾತಿ ಬ್ಯಾಡ ಅಂದವನ ಮಕ್ಕಳು ನಾವು. ನಮ್ಮನ್ನ ಜಾತಿ ಪಟ್ಟಿಯೊಳಗ ಒಂದು ಸಾಲು ಮಾಡಿ ಇಟ್ಟಾರ." ಸಣ್ಣಜ್ಜ ಹೇಳಿದ್ದು: "ಗಣಪತಿ ಕೂಡಸ್ತೀವಿ, ದೀಪಾವಳಿ ಮಾಡ್ತೀವಿ. ಓಣಿಯವರ ಜೋಡಿ ನಲವತ್ತು ವರ್ಷ ಹಿಂಗ ಬದುಕಿ, ಈಗ ಕಾಗದದ ಮ್ಯಾಲ ನಾವು ಬ್ಯಾರೆ ಅಂದ್ರ ಅವರ ಮಾರಿ ಹ್ಯಾಂಗ ನೋಡ್ಲಿ?" ಒಬ್ಬರ ಚಿಂತೆ ತತ್ವದ್ದು, ಇನ್ನೊಬ್ಬರದು ನೆರೆಹೊರೆಯದು. ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತಿರಲಿಲ್ಲ ಎಂದು ಹುಡುಗಿ ಕಂಡುಕೊಂಡಳು. ಈ ಒಂದು ವಾಕ್ಯ ಮೊದಲ ಕರಡಿನ ಇಪ್ಪತ್ತಾರಕ್ಕಿಂತ ತೂಕದ್ದು, ಏಕೆಂದರೆ ಅದನ್ನು ಅವಳು ಎಲ್ಲಿಂದಲೂ ಎತ್ತಿಕೊಂಡು ಬಂದಿರಲಿಲ್ಲ.

ಇನ್ನೊಂದು ಸಂಗತಿ ಅವಳು ಹೇಳಲು ಹಿಂಜರಿದಳು. ಜಾತಿ ಬೇಡ ಅನ್ನುವ ಅಜ್ಜನೇ ಮನೆಯ ಒಂದು ಮದುವೆ ಮಾತುಕತೆಯಲ್ಲಿ, ಹುಡುಗ ಲಿಂಗಾಯತನೇ ಆದರೂ ಒಳಪಂಗಡ ಬೇರೆ ಎಂದು ಬೇಡ ಅಂದಿದ್ದರು. ಮೊದಲ ಕರಡಿನಲ್ಲಿ ಅವಳು ನಿಂತಿದ್ದು ಆ ಅಜ್ಜನ ಪಕ್ಷದಲ್ಲೇ. ತನ್ನ ಪಕ್ಷಕ್ಕೆ ಕಷ್ಟ ಕೊಡುವ ಸಂಗತಿಯನ್ನು ತಾನೇ ತಂದು ಮೇಜಿನ ಮೇಲಿಡುವವರನ್ನು ಓದುಗರು ನಂಬುತ್ತಾರೆ. ಅದನ್ನು ಮುಚ್ಚಿಟ್ಟರೆ ಪ್ರಬಂಧ ಕರಪತ್ರವಾಗುತ್ತದೆ. ಆದರೆ ಆ ಕಥೆ ಅಕ್ಕನದೂ ಹೌದು. ಅವಳನ್ನು ಕೇಳಿ, ಯಾರು, ಯಾವ ಪಂಗಡ ಎಂಬುದನ್ನೆಲ್ಲ ತೆಗೆದು, ಒಂದೇ ಸಾಲು ಉಳಿಸಿಕೊಂಡೆವು.

ಹಿನ್ನೆಲೆಗೆ ಎಷ್ಟು ಜಾಗ ಕೊಡಬೇಕು ಎಂಬ ಲೆಕ್ಕವೂ ಇದೆ. ಲಿಂಗಾಯತ ಎಂಬ ಪದವನ್ನೇ ಕೇಳದ ಓದುಗರಿಗಾಗಿ ಅವಳು ಕಲ್ಯಾಣದ ಚರಿತ್ರೆಯನ್ನೆಲ್ಲ ಇನ್ನೂರು ಪದಗಳಲ್ಲಿ ಬರೆದಿದ್ದಳು. 650ರಲ್ಲಿ ಅದು ಸುಮಾರು ಮೂರನೇ ಒಂದು ಪಾಲು. ಎರಡನೇ ಕರಡಿನಲ್ಲಿ ಮೂರು ವಾಕ್ಯ ಸಾಕಾಯಿತು: ಜಾತಿಯನ್ನು ಪ್ರಶ್ನಿಸಿದ ಹನ್ನೆರಡನೇ ಶತಮಾನದ ಚಳವಳಿಯಿಂದ ಬಂದ ಸಮುದಾಯ, ಮೈಮೇಲೆ ಲಿಂಗ ಧರಿಸುವವರು, ತಾವು ಹಿಂದೂಗಳ ಒಂದು ಭಾಗವೋ ಬೇರೆ ಧರ್ಮವೋ ಎಂಬ ಬಗ್ಗೆ ಅವರಲ್ಲೇ ಭಿನ್ನಾಭಿಪ್ರಾಯವಿದೆ. ಎಪ್ಪತ್ತು ಪದ. ಮೂರನೇ ವಾಕ್ಯ ಮುಖ್ಯ. ಹಿನ್ನೆಲೆ ಹೇಳುವ ನೆಪದಲ್ಲೇ ನಿಲುವು ನುಸುಳುವುದು ಹೆಚ್ಚು. "ಲಿಂಗಾಯತ ಎಂಬ ಪ್ರತ್ಯೇಕ ಧರ್ಮ" ಎಂದು ಶುರುಮಾಡಿದರೆ, ಪ್ರಶ್ನೆ ಕೇಳುವ ಮೊದಲೇ ಉತ್ತರ ಕೊಟ್ಟಂತೆ.

ಕೊನೆಗೆ ಅವಳ ನಿಲುವು ಬದಲಾಗಲಿಲ್ಲ. ಬೇರೆ ಧರ್ಮವೆಂದೇ ಈಗಲೂ ಅವಳ ಅಭಿಪ್ರಾಯ, ಅದನ್ನು ಕೊನೆಯ ಪ್ಯಾರಾದಲ್ಲಿ ಒಂದು ವಾಕ್ಯದಲ್ಲಿ ಹೇಳಿದ್ದಾಳೆ. ಅದರ ಹಿಂದೆಯೇ, ಸಣ್ಣಜ್ಜನ ಪ್ರಶ್ನೆಗೆ ತನ್ನಲ್ಲಿ ಇನ್ನೂ ಉತ್ತರವಿಲ್ಲ ಅನ್ನುವುದನ್ನೂ ಹೇಳಿದ್ದಾಳೆ. ನಿಲುವು ಇರಬಾರದು ಎಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಬಂದ ದಾರಿ ಕಾಣಬೇಕು, ಅಷ್ಟೇ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಯೋಚನೆ ಎಂದರೆ ಎರಡೂ ಕಡೆಯ ಮಾತು ಸಮ ತೂಗುವುದು ಎಂದು ಕೆಲವರು ತಿಳಿದಿದ್ದಾರೆ. ಮುಂಬೈಯ ಗೆಳೆಯರೊಬ್ಬರ ಮಗನಿಗೆ ಅದೇ ಆಯಿತು. ಅವರು ದಲಿತರು, ಕಲಬುರಗಿ ಕಡೆಯವರು. ಬಾಡಿಗೆ ಮನೆ ಹುಡುಕುವಾಗ ಮನೆ ಮಾಲೀಕ ಕನ್ನಡದವರೆಂದು ಗೊತ್ತಾದರೆ ಹುಡುಗನಿಗೆ ಖುಷಿಯಾಗುತ್ತಿತ್ತಂತೆ, ಅಪ್ಪನಿಗೆ ಹೊಟ್ಟೆಯಲ್ಲಿ ಹಿಂಡಿದಂತಾಗುತ್ತಿತ್ತಂತೆ. ಚಹಾ ಕೊಟ್ಟು "ಯಾವೂರು? ಮನಿದೇವರು ಯಾವುದು?" ಎಂದು ಕೇಳುತ್ತಾರೆ. ಊರು ಬಿಟ್ಟ ನಮಗೆಲ್ಲ ಅದು ಅಕ್ಕರೆಯ ಪ್ರಶ್ನೆ. ಆ ಮನುಷ್ಯನಿಗೆ ಅದು ಪರೀಕ್ಷೆ. ಉತ್ತರ ಹೇಳಿದ ಮೇಲೆ ಮನೆ "ಬೇರೆಯವರಿಗೆ ಆಗ್ಯದ" ಅನ್ನುವ ಫೋನು ಬರುತ್ತದೆ. ಒಂದು ಸಲ ಅಪ್ಪ ಬೇರೆ ಯಾವುದೋ ದೇವರ ಹೆಸರು ಹೇಳಿಬಿಟ್ಟರು. ಹುಡುಗ ವರ್ಷಗಟ್ಟಲೆ ಸಿಟ್ಟು ಮಾಡಿಕೊಂಡಿದ್ದು ಮಾಲೀಕರ ಮೇಲಲ್ಲ, ಅಪ್ಪನ ಮೇಲೆ.

ಅವನ ಕರಡು ನೋಡಿದ ಸಲಹೆಗಾರರೊಬ್ಬರು, ಮಾಲೀಕರ ದೃಷ್ಟಿಕೋನವನ್ನೂ ಸೇರಿಸು, ಪ್ರಬುದ್ಧತೆ ಕಾಣುತ್ತದೆ ಎಂದಿದ್ದರಂತೆ. ಇದನ್ನು ನಾನು ಒಪ್ಪುವುದಿಲ್ಲ. ಇಬ್ಬರು ಅಜ್ಜಂದಿರದು ವಾದ, ಅದಕ್ಕೆ ಎರಡು ಮಗ್ಗಲು ಉಂಟು. ಮನೆ ಕೊಡದಿರುವುದು ಅಂಥ ವಾದವಲ್ಲ. ಹೊಡೆತ ತಿಂದವನಿಗೆ ಹೊಡೆದವನ ಪರವಾಗಿಯೂ ನಾಲ್ಕು ಸಾಲು ಬರೆ ಅನ್ನುವುದು ಸಮತೋಲನವಲ್ಲ, ಅವನಿಗೆ ಮತ್ತೊಂದು ಪರೀಕ್ಷೆ. ಅವನ ಪ್ರಬಂಧದಲ್ಲಿ ಯೋಚನೆ ಬೇರೆ ಕಡೆ ಇತ್ತು: ನನ್ನ ಸಿಟ್ಟು ಅಪ್ಪನ ಮೇಲೆ ಏಕಿತ್ತು, ಅದು ಯಾವಾಗ ಜಾಗ ಬದಲಿಸಿತು? ಅದನ್ನು ಬಿಡಿಸಿ ಬರೆ, ಬೇರೇನೂ ಸೇರಿಸಬೇಡ ಎಂದೆ. ಅವನ ಕರಡಿನಲ್ಲಿದ್ದ "ಜಾತಿ ವ್ಯವಸ್ಥೆ ಸಮಾಜಕ್ಕೆ ಅಂಟಿದ ಕಳಂಕ" ಎಂಬ ಸಾಲು ತಾನಾಗಿಯೇ ಬಿದ್ದುಹೋಯಿತು. ಚಹಾದ ಲೋಟ ಮತ್ತು ಆ ಪ್ರಶ್ನೆ ಇದ್ದಮೇಲೆ ಅದರ ಅಗತ್ಯವೇ ಇರಲಿಲ್ಲ.

ಇದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟು ಹಾರ್ವರ್ಡ್ ಪ್ರಕರಣದಲ್ಲಿ ಪ್ರವೇಶದ ವೇಳೆ ಜನಾಂಗವನ್ನು ಪರಿಗಣಿಸುವ ಪದ್ಧತಿಗೆ ತಡೆಹಾಕಿತು. ಆದರೆ ಜನಾಂಗ ತನ್ನ ಬದುಕನ್ನು ಹೇಗೆ ಮುಟ್ಟಿತು ಎಂದು ಅರ್ಜಿದಾರರು ಬರೆದರೆ, ಅದರಲ್ಲಿ ಕಾಣುವ ಆ ವ್ಯಕ್ತಿಯ ಗುಣ, ಸಾಮರ್ಥ್ಯವನ್ನು ನೋಡಬಹುದು ಎಂದಿತು. ಆ ಬಳಿಕ ಹಲವು ಕಾಲೇಜುಗಳು ನಿಮ್ಮ ಹಿನ್ನೆಲೆ ನಿಮ್ಮನ್ನು ಹೇಗೆ ರೂಪಿಸಿತು ಎಂಬಂಥ ಕಿರು ಪ್ರಶ್ನೆಗಳನ್ನು ಸೇರಿಸಿವೆ. ತೀರ್ಪು ಮಾತಾಡಿದ್ದು ಜನಾಂಗದ ಬಗ್ಗೆ, ಜಾತಿಯ ಬಗ್ಗೆ ಅಲ್ಲ. ಆದರೂ ನಮ್ಮ ಮಕ್ಕಳಿಗೆ ಅದರಲ್ಲಿ ಪಾಠವಿದೆ. ಗುಂಪಿನ ಹೆಸರು ಹೇಳಿದರೆ ಸಾಲದು, ಆ ಗುಂಪಿನೊಳಗೆ ನೀನು ಯಾರು ಎಂದು ಕಾಣಬೇಕು. ಉತ್ತರಕ್ಕೆ ನೂರೈವತ್ತು ಪದ ಮಾತ್ರ ಕೊಟ್ಟಿದ್ದರೆ ಅಜ್ಜಂದಿರ ಕಥೆ ಹಿಡಿಸುವುದಿಲ್ಲ. ಅಲ್ಲಿ ಅದನ್ನು ತುರುಕದಿರುವುದೇ ಲೇಸು. ದಾರಿ ತೋರಿಸಲು ಜಾಗವಿಲ್ಲದ ಕಡೆ ನಿಲುವೊಂದೇ ಉಳಿದುಬಿಡುತ್ತದೆ.

ಕಳಿಸುವ ಮುನ್ನ ಒಂದು ಪರೀಕ್ಷೆ ಬಾಕಿಯಿತ್ತು. ಪ್ರಬಂಧದಲ್ಲಿ ಯಾರ ಅಭಿಪ್ರಾಯವನ್ನು ಒಪ್ಪಿಲ್ಲವೋ ಅವರು ಅದನ್ನು ಓದಿ "ಹೌದು, ನಾನು ಹೇಳಿದ್ದು ಇದೇ" ಅನ್ನಬೇಕು. ಹುಡುಗಿ ಸೊಲ್ಲಾಪುರಕ್ಕೆ ಹೋಗಿ ಇಬ್ಬರನ್ನೂ ಕೂಡಿಸಿಕೊಂಡು ಇಂಗ್ಲಿಷನ್ನು ಕನ್ನಡ ಮಾಡುತ್ತ ಓದಿದಳಂತೆ. ಸಣ್ಣಜ್ಜ ತಲೆಯಾಡಿಸಿದರು. ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರಂತೆ: "ನನ್ನ ಮಾತು ಬರೋಬ್ಬರಿ ಬರದೀ. ಇವಂದೂ ಬರೋಬ್ಬರಿ ಬರದೀ. ಮದವಿ ಮಾತು ಬರದಿದ್ದಕ್ಕ ನನಗ ಸಿಟ್ಟು ಬರಬೇಕಿತ್ತು, ಬರವಲ್ದು. ಖರೇನ ಐತಿ. ಆದ್ರ ನೀ ನನ್ನ ಪಾರ್ಟಿ ಅಂತಿ, ಕೇಳಿದ್ರ ಇವಂದ ಸರಿ ಅನಸ್ತೈತಲ್ಲ?"

ಆ ಸಾಲುಗಳನ್ನು ಮುಟ್ಟಬೇಡ, ಹಾಗೇ ಕಳಿಸು ಎಂದು ನಾನು ಫೋನಿನಲ್ಲಿ ಹೇಳಿದೆ.