ಎಚ್ಚರ ಆಗಿದೆ, ಬೆರಳು ಮಾತ್ರ ಅಲ್ಲಾಡ್ತಿಲ್ಲ

ಕಳೆದ ತಿಂಗಳು ನಮ್ಮ ಟೀಮಿನ ರಿಲೀಸ್ ಇತ್ತು. ಮಲಗಿದಾಗ ರಾತ್ರಿ ಮೂರು ಗಂಟೆ. ಆರೂವರೆಗೆ ಆನ್-ಕಾಲ್ ಫೋನ್ ಹೊಡ್ಕೊಳ್ತು. ಮುಕ್ಕಾಲು ಗಂಟೆ ಲಾಗ್ ನೋಡಿ, ಸರ್ವರ್ ಸರಿ ಮಾಡಿ, ಮತ್ತೆ ಅಂಗಾತ ಬಿದ್ಕೊಂಡೆ. ಸ್ವಲ್ಪ ಹೊತ್ತಲ್ಲೇ ಎಚ್ಚರ ಆಯ್ತು. ಮೇಲೆ ಫ್ಯಾನ್ ತಿರುಗೋದು ಕಾಣ್ತಿದೆ, ಬೀದಿಯಲ್ಲಿ ಸೊಪ್ಪಿನವಳ ಕೂಗು ಕೇಳ್ತಿದೆ. ಆದ್ರೆ ಕೈ ಎತ್ತೋಣ ಅಂದ್ರೆ ಏಳ್ತಿಲ್ಲ. ಎದೆ ಮೇಲೆ ಯಾರೋ ಕೂತ ಹಾಗೆ ಭಾರ. ಬಾಗಿಲ ಹತ್ತಿರ ಯಾರೋ ನಿಂತಿದ್ದಾರೆ ಅನ್ನೋದು ಖಾತ್ರಿ. ಕಿರುಚಿದೆ, ಸ್ವರವೇ ಹೊರಡಲಿಲ್ಲ. ಒಂದೆರಡು ನಿಮಿಷ ಇರಬಹುದು. ಆಮೇಲೆ ಎಲ್ಲ ಒಮ್ಮೆಲೇ ಬಿಟ್ಟುಹೋಯ್ತು. ಬಾಗಿಲ ಹತ್ತಿರ ಇದ್ದದ್ದು ನನ್ನದೇ ಜರ್ಕಿನ್.

ಅಮ್ಮನಿಗೆ ಫೋನ್ ಮಾಡಿದ್ರೆ, “ದೆವ್ವ ಅಮುಕಿರೋದು ಕಣೋ. ದಿಂಬಿನ ಕೆಳಗೆ ಒಂದು ಚಾಕು ಇಟ್ಕೊಂಡು ಮಲ್ಕೋ” ಅಂದ್ರು. ನಾನು ನಕ್ಕೆ. ಆದ್ರೆ ಅವತ್ತು ರಾತ್ರಿ ಲೈಟ್ ಆರಿಸಲಿಲ್ಲ. ಮಲಗೋಕೆ ಹೆದರಿ ಎರಡು ಗಂಟೆವರೆಗೂ ಮೊಬೈಲ್ ಹಿಡ್ಕೊಂಡು ಕೂತೆ. ಅದೇ ವಾರ ಇನ್ನೊಂದು ಸಲ ಆಯ್ತು. ಆಮೇಲೆ ಕೂತು ಓದಿದೆ.

ಇದರ ಹೆಸರು ಸ್ಲೀಪ್ ಪ್ಯಾರಾಲಿಸಿಸ್. ಪಾರ್ಶ್ವವಾಯುಗೂ ಇದಕ್ಕೂ ಸಂಬಂಧ ಇಲ್ಲ. ನಾವು ಗಾಢವಾಗಿ ಕನಸು ಕಾಣೋ ಹೊತ್ತನ್ನ ರೆಮ್ ನಿದ್ದೆ ಅಂತಾರೆ. ಆಗ ಮಿದುಳಿನ ಬುಡದಲ್ಲಿರೋ ಪಾನ್ಸ್ ಅನ್ನೋ ಭಾಗದಿಂದ ಕೆಳಕ್ಕೆ ಒಂದು ಸಂದೇಶ ಹೋಗುತ್ತೆ. ಅದರಿಂದ ಬೆನ್ನುಹುರಿಯಲ್ಲಿ ಸ್ನಾಯುಗಳನ್ನ ಆಡಿಸೋ ನರಕೋಶಗಳು ತಣ್ಣಗಾಗ್ತವೆ. ಕನಸಲ್ಲಿ ಓಡಿದ್ರೂ ಮಂಚದ ಮೇಲೆ ಕಾಲು ಓಡಲ್ಲ. ಅಂದ್ರೆ ಆ ಕಟ್ಟು ಪ್ರತಿ ರಾತ್ರಿ ನಮಗೆಲ್ಲ ಬೀಳುತ್ತೆ, ಗೊತ್ತಾಗಲ್ಲ ಅಷ್ಟೇ. ಫ್ರಾನ್ಸಿನ ಮಿಷೆಲ್ ಜುವೆ 1960ರ ದಶಕದಲ್ಲಿ ಬೆಕ್ಕುಗಳ ಪಾನ್ಸ್‌ನಲ್ಲಿ ಸಣ್ಣ ಜಾಗಕ್ಕೆ ಹಾನಿ ಮಾಡಿ ನೋಡಿದ್ರು. ಆ ಬೆಕ್ಕುಗಳು ರೆಮ್ ನಿದ್ದೆಯಲ್ಲೇ ಎದ್ದು, ಇಲ್ಲದ ಬೇಟೆ ಮೇಲೆ ಎರಗ್ತಿದ್ವು.

ಮಾಮೂಲಿಯಾಗಿ ಎಚ್ಚರ ಬರೋದೂ ಈ ಕಟ್ಟು ಬಿಚ್ಚೋದೂ ಒಟ್ಟಿಗೇ ಆಗುತ್ತೆ. ಎಚ್ಚರ ಮೊದಲು ಬಂದು, ಕಟ್ಟು ಬಿಚ್ಚೋದು ತಡವಾದ್ರೆ ನನಗಾದದ್ದೇ ಆಗೋದು. ನಮ್ಮ ಕೆಲಸದವರಿಗೆ ರೇಸ್ ಕಂಡಿಷನ್ ಅಂದ್ರೆ ಸಾಕು.

ಎದೆ ಭಾರಕ್ಕೂ ಕಾರಣ ಇದೆ. ರೆಮ್‌ನಲ್ಲಿ ಮುಖ್ಯವಾಗಿ ಕಣ್ಣಿನ ಸ್ನಾಯುಗಳು ಮತ್ತು ವಪೆ ಕೆಲಸ ಮಾಡ್ತಿರ್ತವೆ. ಪಕ್ಕೆಲುಬಿನ ನಡುವಿನ ಸ್ನಾಯುಗಳು ಸಡಿಲ. ವಪೆಯೊಂದರಿಂದಲೇ ಉಸಿರು ಸಾಕಷ್ಟು ನಡೆಯುತ್ತೆ, ಹಾಗಾಗಿ ಉಸಿರು ಕಟ್ಟಲ್ಲ. ಆದ್ರೆ ಗಾಬರಿಯಲ್ಲಿ ಬೇಕಂತಲೇ ದೀರ್ಘವಾಗಿ ಉಸಿರೆಳೆಯೋಕೆ ಹೋದಾಗ ಎದೆ ಹಿಗ್ಗಲ್ಲ. ಅದೇ ಯಾರೋ ಕೂತ ಹಾಗೆ ಅನ್ನಿಸೋದು. ಇನ್ನು ಬಾಗಿಲ ಹತ್ತಿರದವನು. ಅಪಾಯ ಗುರುತಿಸೋ ಅಮಿಗ್ಡಲಾ ರೆಮ್‌ನಲ್ಲಿ ಚುರುಕಾಗಿರುತ್ತೆ, ಕನಸೂ ಪೂರ್ತಿ ಮುಗಿದಿರಲ್ಲ. ಆಗ ಜರ್ಕಿನ್‌ಗೂ ಮನುಷ್ಯನ ಆಕಾರ ಬರುತ್ತೆ.

ಅವತ್ತೇ ಯಾಕೆ? ಸಾಮಾನ್ಯವಾಗಿ ನಿದ್ದೆ ಹತ್ತಿದ ಮೇಲೆ ರೆಮ್ ಶುರುವಾಗೋಕೆ ಸುಮಾರು ಒಂದೂವರೆ ಗಂಟೆ ಬೇಕು. ಬೆಳಗಿನ ಜಾವಕ್ಕೆ ಅದರ ಪಾಲು ಹೆಚ್ಚು. ನಾನು ಆ ಹೊತ್ತಲ್ಲೇ ಎದ್ದು ಫೋನ್ ತಗೊಂಡೆ. ಬಾಕಿ ಉಳಿದಿದ್ದ ರೆಮ್ ಮತ್ತೆ ಮಲಗಿದ ಕೂಡಲೇ ಬಂದಿರಬೇಕು, ಎಚ್ಚರ ಇನ್ನೂ ಪಕ್ಕದಲ್ಲೇ ಇತ್ತು. ಜಪಾನಿನ ಸಂಶೋಧಕರು 1992ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ನನ್ನ ಆ ರಾತ್ರಿಯ ಹಾಗೇ ಇದೆ. ಜನರನ್ನ ನಡುರಾತ್ರಿ ಎಬ್ಬಿಸಿ, ಒಂದು ಗಂಟೆ ಎಚ್ಚರ ಇಟ್ಟು, ಮತ್ತೆ ಮಲಗಿಸಿದ್ರು. ಕೆಲವರಿಗೆ ಈ ಅನುಭವ ಬಂತು, ಬಹುಪಾಲು ಸಲ ನಿದ್ದೆ ನೇರವಾಗಿ ರೆಮ್‌ಗೆ ಇಳಿದಾಗಲೇ. ಹೆದರಿ ಎರಡು ಗಂಟೆವರೆಗೆ ಕೂತು ನಾನೇ ಎರಡನೇ ಸಲಕ್ಕೆ ದಾರಿ ಮಾಡಿಕೊಟ್ಟೆ ಅನ್ನಿಸುತ್ತೆ.

ಆನ್-ಕಾಲ್ ವಾರ ತಪ್ಪಿಸೋಕಾಗಲ್ಲ. ಈಗ ಮತ್ತೆ ಮಲಗುವಾಗ ಮಗ್ಗುಲಾಗಿ ಮಲಗ್ತೀನಿ, ಅಂಗಾತ ಮಲಗಿದಾಗ ಇದು ಜಾಸ್ತಿ. ಡಾಕ್ಟರ್ ಕೇಳಿದ ಎರಡು ಪ್ರಶ್ನೆ ನಿಮಗೂ ಹೇಳ್ತೀನಿ: ಹಗಲು ತಡೆಯೋಕಾಗದಷ್ಟು ನಿದ್ದೆ ಬರುತ್ತಾ? ಜೋರಾಗಿ ನಕ್ಕಾಗ ಮೊಣಕಾಲು ಕುಸಿಯುತ್ತಾ? ಹೌದು ಅಂದ್ರೆ ನಾರ್ಕೊಲೆಪ್ಸಿ ಅನ್ನೋ ಕಾಯಿಲೆ ಇರಬಹುದು, ಪರೀಕ್ಷೆ ಮಾಡಿಸಲೇಬೇಕು. ನನಗೆ ಎರಡೂ ಇರಲಿಲ್ಲ.

ಮೊನ್ನೆ ಮೂರನೇ ಸಲ ಆಯ್ತು. ಈ ಸಲ ಒದ್ದಾಡಲಿಲ್ಲ. ಉಸಿರನ್ನ ಅದರ ಪಾಡಿಗೆ ಬಿಟ್ಟು, ಕಾಲಿನ ಹೆಬ್ಬೆರಳೊಂದರ ಮೇಲೆ ಗಮನ ಇಟ್ಟೆ. ಬಾಗಿಲ ಹತ್ತಿರ ಮತ್ತೆ ಯಾರೋ ಇದ್ರು. ಹೆಬ್ಬೆರಳು ಅಲ್ಲಾಡಿತು, ಅವರು ಹೋದ್ರು. ಜರ್ಕಿನ್ ಈಗ ಬೀರು ಒಳಗಿದೆ. ಚಾಕು ಇಟ್ಕೊಂಡಿದೀಯಾ ಅಂತ ಅಮ್ಮ ಕೇಳಿದ್ರೆ ಹೂಂ ಅಂತೀನಿ.