ಹದಿನಾಲ್ಕು ಪುಟದ ಪಾಲುದಾರಿಕೆ ಪತ್ರ, ಒಂದು ಹಾಳೆಯ ಸಾರ

ನಮ್ಮ ಸೊಲ್ಲಾಪುರದ ಪಾಲುದಾರಿಕೆ ಅಂಗಡಿ, ಕಾರಖಾನೆಗಳಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ಪತ್ರ ಇಂಗ್ಲಿಷಿನಲ್ಲಿರುತ್ತದೆ, ಲೆಕ್ಕ ಬರೆಯುವವರು ಮರಾಠಿಯಲ್ಲಿ ಮಾತನಾಡುತ್ತಾರೆ, ಆ ಲೆಕ್ಕದಿಂದ ಬದುಕುವ ಮನೆಯವರು ಕನ್ನಡಿಗರು. ಆದುದರಿಂದ ಪತ್ರಕ್ಕೆ ಸಹಿ ಹಾಕಿದವರೇ ಅದರಲ್ಲಿ ಏನಿದೆಯೆಂಬುದನ್ನು ಬಾಯಿಮಾತಿನಿಂದಲೇ ಬಲ್ಲವರಾಗಿರುತ್ತಾರೆ. ಲಾಭದ ಪಾಲು, ಬಂಡವಾಳ, ಹಣ ತೆಗೆಯುವ ಮಿತಿ, ಪಾಲುದಾರರ ಕರ್ತವ್ಯ, ಈ ನಾಲ್ಕನ್ನು ಪತ್ರದಿಂದ ಹೆಕ್ಕಿ ಒಂದೇ ಹಾಳೆಯಲ್ಲಿ ಕನ್ನಡದಲ್ಲಿ ಬರೆದಿಟ್ಟುಕೊಳ್ಳುವ ಬಗೆಯನ್ನು ಒಂದು ಉದಾಹರಣೆಯ ಮೂಲಕ ಈ ವಾರ ನೋಡೋಣ.

ಚಾದರ ಮತ್ತು ಟಾವೆಲ್ ನೇಯಿಸಿ ಮಾರುವ ಒಂದು ಪಾಲುದಾರಿಕೆ ಸಂಸ್ಥೆಯಿದೆ ಎಂದಿಟ್ಟುಕೊಳ್ಳಿ. ಅಣ್ಣ, ತಮ್ಮ ಮತ್ತು ಅವರ ಭಾವಮೈದುನ, ಹೀಗೆ ಮೂವರು ಪಾಲುದಾರರು. 2016ರ ಮೂಲ ಪತ್ರದ ಪ್ರಕಾರ ಅವರ ಬಂಡವಾಳ ಕ್ರಮವಾಗಿ 6 ಲಕ್ಷ, 4 ಲಕ್ಷ, 2 ಲಕ್ಷ ರೂಪಾಯಿ. ಲಾಭದ ಪಾಲು ನೂರಕ್ಕೆ 40, 40, 20. ಭಾವಮೈದುನನ ಮನೆಯವರು ಈ ಮೂಲ ಪತ್ರವನ್ನಷ್ಟೇ ಮುಂದಿಟ್ಟುಕೊಂಡು ಹಾಳೆ ಬರೆದರೆ ಅದು ಮೊದಲ ಸಾಲಿನಲ್ಲಿಯೇ ತಪ್ಪುತ್ತದೆ. ಏಕೆಂದರೆ 2021ರಲ್ಲಿ ಎರಡು ಪುಟದ ಪೂರಕ ಪತ್ರವೊಂದಾಗಿದೆ. ಅದರಂತೆ ಮೂರನೆಯವರು ಇನ್ನೂ 2 ಲಕ್ಷ ತಂದಿದ್ದಾರೆ. ಲಾಭದ ಪಾಲು 35, 35, 30 ಎಂದು ಬದಲಾಗಿದೆ. ಇಂತಹ ಪೂರಕ ಪತ್ರಗಳು ಮೂಲದೊಡನೆ ಹೊಲಿದಿರುವುದಿಲ್ಲ; ತೆರಿಗೆ ಸಲಹೆಗಾರರ ಕಡತದಲ್ಲಿಯೋ ಬ್ಯಾಂಕಿನ ಸಾಲದ ಕಾಗದಗಳ ನಡುವೆಯೋ ಇರುತ್ತವೆ. ಆದ್ದರಿಂದ ಮೊದಲು ಎಲ್ಲ ಪತ್ರಗಳನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿಕೊಳ್ಳಬೇಕು. ಹಾಳೆಯ ಪ್ರತಿಯೊಂದು ಸಾಲಿನ ಮುಂದೆಯೂ ಅದು ಯಾವ ಪತ್ರದ ಎಷ್ಟನೆಯ ಕಲಮಿನಿಂದ ಬಂದಿತು ಎಂಬುದನ್ನು ಬರೆಯಬೇಕು. ಕಲಮಿನ ಸಂಖ್ಯೆಯಿಲ್ಲದ ಸಾಲನ್ನು ನಾಳೆ ಯಾರೂ ಪರೀಕ್ಷಿಸಲಾರರು.

ಲಾಭದ ಪಾಲಿನ ಪಕ್ಕದಲ್ಲಿಯೇ ನಷ್ಟದ ಪಾಲನ್ನೂ ಹುಡುಕಬೇಕು. ನಮ್ಮ ಉದಾಹರಣೆಯ ಪೂರಕ ಪತ್ರ ಲಾಭವನ್ನು ಮಾತ್ರ ಹೇಳಿ ನಷ್ಟದ ಬಗ್ಗೆ ಸುಮ್ಮನಿದೆ. ಬೇರೆ ಉದ್ದೇಶ ಕಾಣದಿದ್ದಲ್ಲಿ ಲಾಭದ ಪ್ರಮಾಣದಲ್ಲಿಯೇ ನಷ್ಟವೂ ಎಂಬುದು ಸಾಮಾನ್ಯ ಊಹೆ. ಆದರೂ ಊಹೆಯನ್ನು ಕರಾರಿನಂತೆ ಹಾಳೆಯಲ್ಲಿ ಬರೆಯಬಾರದು. 'ನಷ್ಟ: ಪತ್ರ ಮೌನ' ಎಂದೇ ಬರೆಯಬೇಕು. ಲಾಭದ ಪ್ರಮಾಣವನ್ನೂ ಹೇಳದ ಪತ್ರಗಳುಂಟು. ಅಂತಹಲ್ಲಿ 1932ರ ಭಾರತೀಯ ಪಾಲುದಾರಿಕೆ ಅಧಿನಿಯಮದ 13ನೆಯ ಕಲಮು ಬಂಡವಾಳ ಎಷ್ಟೇ ಇರಲಿ, ಲಾಭನಷ್ಟಗಳೆರಡನ್ನೂ ಸಮನಾಗಿ ಹಂಚುತ್ತದೆ. ಹೆಚ್ಚು ಹಣ ಹಾಕಿದವನಿಗೆ ಹೆಚ್ಚು ಲಾಭ ತಾನಾಗಿ ಬರುತ್ತದೆಂಬ ನಂಬಿಕೆಗೆ ಕಾನೂನಿನಲ್ಲಿ ಆಧಾರವಿಲ್ಲ.

ಬಂಡವಾಳದ ಸಾಲಿನಲ್ಲಿ ಮೊತ್ತದ ಜೊತೆಗೆ ಬಡ್ಡಿಯನ್ನೂ ಬರೆಯಬೇಕು. ಇಲ್ಲಿ ವರ್ಷಕ್ಕೆ ನೂರಕ್ಕೆ 12 ಎಂದಿದೆ. ಬಂಡವಾಳದ ಮೇಲಿನ ಇಂತಹ ಬಡ್ಡಿ ಲಾಭವಿದ್ದರೆ ಮಾತ್ರ ಸಲ್ಲುತ್ತದೆ. ಒಪ್ಪಿಕೊಂಡ ಬಂಡವಾಳವನ್ನು ಮೀರಿ ಪಾಲುದಾರನು ವ್ಯಾಪಾರಕ್ಕಾಗಿ ಕೊಟ್ಟ ಮುಂಗಡದ ಮಾತು ಬೇರೆ. ಅದಕ್ಕೆ ಪತ್ರ ಏನೂ ಹೇಳದಿದ್ದರೂ ಕಾನೂನು ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ ಕೊಡಿಸುತ್ತದೆ. ಆದುದರಿಂದ ಮನೆಯಿಂದ ಹೋದ ಹಣವೆಲ್ಲವನ್ನೂ 'ಬಂಡವಾಳ' ಎಂದು ಒಟ್ಟುಗೂಡಿಸದೆ, ಕೊಟ್ಟಾಗ ಯಾವ ಹೆಸರಿನಲ್ಲಿ ಜಮೆಯಾಯಿತು ಎಂಬುದನ್ನು ಖಾತೆಯಲ್ಲಿ ನೋಡಬೇಕು.

ಮನೆಗಳಲ್ಲಿ ಕಲಹಕ್ಕೆ ಕಾರಣವಾಗುವುದು ಮುಖ್ಯವಾಗಿ ಮೂರನೆಯ ವಿಷಯ, ಹಣ ತೆಗೆಯುವ ಮಿತಿ. ಮರಾಠಿಯಲ್ಲಿ ಇದನ್ನು 'ಉಚಲ' ಎನ್ನುತ್ತಾರೆ. ಕೂಲಿಯವರಿಗೆ ಕೊಡುವ ಮುಂಗಡಕ್ಕೂ ಅದೇ ಶಬ್ದವಿರುವುದರಿಂದ ಗೊಂದಲ ಅಲ್ಲಿಂದಲೇ ಆರಂಭವಾಗುತ್ತದೆ. ನಮ್ಮ ಪತ್ರದಲ್ಲಿ ಎರಡು ಬೇರೆ ಕಲಮುಗಳಿವೆ. ಒಂಬತ್ತನೆಯದು ಅಣ್ಣ ತಮ್ಮಂದಿರಿಬ್ಬರಿಗೆ ಮಾತ್ರ ದುಡಿಮೆಗಾಗಿ ತಿಂಗಳಿಗೆ 15,000 ಸಂಭಾವನೆ ಕೊಡುತ್ತದೆ. ಹನ್ನೊಂದನೆಯದು ಪ್ರತಿಯೊಬ್ಬ ಪಾಲುದಾರನೂ ತನ್ನ ಲೆಕ್ಕಕ್ಕೆ ಬರತಕ್ಕ ಬಡ್ಡಿ ಮತ್ತು ಲಾಭಕ್ಕೆ ವಜಾ ಹಾಕುವಂತೆ ತಿಂಗಳಿಗೆ 15,000 ರೂಪಾಯಿ ಮೀರದಂತೆ ತೆಗೆಯಬಹುದು ಎನ್ನುತ್ತದೆ. ಮೊತ್ತ ಒಂದೇ, ಅರ್ಥ ಬೇರೆ. ಮೊದಲನೆಯದು ಖರ್ಚು; ಎರಡನೆಯದು ಮುಂದೆ ಬರಲಿರುವ ತನ್ನದೇ ಪಾಲನ್ನು ಮೊದಲೇ ಉಣ್ಣುವುದು. ಭಾವಮೈದುನನ ಮನೆಯಲ್ಲಿ ಮಾತ್ರ ತಿಂಗಳ ಹದಿನೈದು ಸಾವಿರವೇ 'ಪಗಾರ'. ವರ್ಷಾಂತ್ಯದಲ್ಲಿ ಲಾಭದ ಪಾಲು ಬೇರೆ ಬರುತ್ತದೆ, ಅದರಿಂದ ಜೂನ್ ತಿಂಗಳಲ್ಲಿ ಮಗಳನ್ನು ಕಾಲೇಜಿಗೆ ಸೇರಿಸುವುದೆಂದು ಲೆಕ್ಕಾಚಾರ.

ಈಗ ವರ್ಷದ ಲೆಕ್ಕ ಹಾಕೋಣ. ಬಡ್ಡಿ, ಸಂಭಾವನೆ ಕಳೆಯುವುದಕ್ಕೆ ಮೊದಲು ಲಾಭ 9,28,000 ರೂಪಾಯಿ. ತೆರಿಗೆಯ ಮಾತನ್ನು ಇಲ್ಲಿ ಬಿಟ್ಟಿದ್ದೇನೆ. 14 ಲಕ್ಷ ಬಂಡವಾಳಕ್ಕೆ ಬಡ್ಡಿ 1,68,000. ಇಬ್ಬರ ಸಂಭಾವನೆ 3,60,000. ಉಳಿದದ್ದು 4 ಲಕ್ಷ. ಅದರಲ್ಲಿ ಮೂರನೆಯವರಿಗೆ ನೂರಕ್ಕೆ 30ರಂತೆ 1,20,000, ತಮ್ಮ ಬಂಡವಾಳದ ಬಡ್ಡಿ 48,000, ಒಟ್ಟು 1,68,000. ವರ್ಷವಿಡೀ ತೆಗೆದದ್ದು 1,80,000. ಒಂದು ತಿಂಗಳೂ ಮಿತಿ ಮೀರಿಲ್ಲ, ಆದರೂ ವರ್ಷದ ಕೊನೆಗೆ 12,000 ಹೆಚ್ಚಾಗಿಯೇ ತೆಗೆದಂತಾಯಿತು. ಕೈಗೆ ಬರುವ ಪಾಲಿಲ್ಲ. ಬದಲಾಗಿ ಬಂಡವಾಳವೇ 3,88,000ಕ್ಕೆ ಇಳಿಯಬಹುದು. ಮಿತಿಯೆಂಬುದು ಇಷ್ಟನ್ನು ಮೀರಬೇಡ ಎಂಬ ಗೆರೆಯೇ ಹೊರತು ಇಷ್ಟು ನಿನ್ನದು ಎಂಬ ಭರವಸೆಯಲ್ಲ. ಆದ್ದರಿಂದ ಹಾಳೆಯಲ್ಲಿ ಸಂಭಾವನೆ ಮತ್ತು ಉಚಲಕ್ಕೆ ಎರಡು ಪ್ರತ್ಯೇಕ ಸಾಲುಗಳಿರಲಿ. ಎರಡನೆಯದರಲ್ಲಿ 'ಪಾಲಿಗೆ ವಜಾ' ಎಂಬ ಎರಡು ಪದಗಳು ತಪ್ಪದೆ ಇರಲಿ. ಅಂದಹಾಗೆ, ಹಳೆಯ ಪತ್ರವನ್ನೇ ನಂಬಿ ಲೆಕ್ಕ ಹಾಕಿದ್ದರೆ ಇವರ ಬಾಬ್ತು 1,08,800 ಮಾತ್ರ. ಎರಡು ಪುಟದ ಪೂರಕ ಪತ್ರದ ಬೆಲೆ ಆ ಒಂದು ವರ್ಷಕ್ಕೆ 59,200 ರೂಪಾಯಿ.

ಕರ್ತವ್ಯಗಳ ಸಾಲು ಚಿಕ್ಕದಾಗಿರಲಿ. ನ್ಯಾಯನಿಷ್ಠೆಯಿಂದ ನಡೆಯುವುದು, ಪರಸ್ಪರ ಸರಿಯಾದ ಲೆಕ್ಕ ಒಪ್ಪಿಸುವುದು ಮುಂತಾದವನ್ನು ಅಧಿನಿಯಮದ 9ನೆಯ ಕಲಮೇ ಹೇಳುತ್ತದೆ. ಹೆಚ್ಚಿನ ಪತ್ರಗಳು ಅದನ್ನೇ ಅರ್ಧ ಪುಟ ಉದ್ದಕ್ಕೆ ಎಳೆಯುತ್ತವೆ. ಅದನ್ನು ನಕಲು ಮಾಡುವ ಅಗತ್ಯವಿಲ್ಲ. ಈ ಸಂಸ್ಥೆಗೇ ವಿಶೇಷವಾದುದನ್ನು ಮಾತ್ರ ಬರೆಯಿರಿ: ಬ್ಯಾಂಕಿನ ಚೆಕ್ಕಿಗೆ ಯಾರ ಸಹಿ, ನೂಲಿನ ಖರೀದಿ ಯಾರದು, ಎಷ್ಟು ರೂಪಾಯಿಗಿಂತ ಹೆಚ್ಚಿನ ಸಾಲಕ್ಕೆ ಮೂವರ ಒಪ್ಪಿಗೆ ಬೇಕು. ಸಾಲದ ಸಾಲನ್ನು ಎರಡು ಬಾರಿ ಓದಬೇಕು, ಏಕೆಂದರೆ ಸಂಸ್ಥೆಯ ಋಣಕ್ಕೆ ಪ್ರತಿಯೊಬ್ಬ ಪಾಲುದಾರನೂ ತನ್ನ ಪಾಲಿನಷ್ಟಕ್ಕೇ ಅಲ್ಲದೆ ಇಡಿಯಾಗಿ ಹೊಣೆಯಾಗುತ್ತಾನೆ. ನೂರಕ್ಕೆ 30ರ ಪಾಲುದಾರನ ಮನೆಗೆ ನೂರರ ವಸೂಲಿ ಬರಬಹುದು; ಹೆಚ್ಚು ತೆತ್ತದ್ದನ್ನು ಉಳಿದವರಿಂದ ಪಡೆಯುವುದು ಆಮೇಲಿನ ಮಾತು.

ಹಾಳೆ ಸಿದ್ಧವಾದ ಮೇಲೆ ಕೆಲವರು ಅದಕ್ಕೆ ಮೂವರ ಸಹಿಯನ್ನೂ ಹಾಕಿಸುತ್ತಾರೆ. ಅದು ಬೇಡವೆಂದೇ ನನ್ನ ಅಭಿಪ್ರಾಯ. ಪಾಲುದಾರರ ಹಕ್ಕುಬಾಧ್ಯತೆಗಳನ್ನು ಎಲ್ಲರ ಒಪ್ಪಿಗೆಯಿಂದ ಬದಲಿಸಬಹುದೆಂದು 11ನೆಯ ಕಲಮು ಹೇಳುತ್ತದೆ. ಆ ಒಪ್ಪಿಗೆ ನಡೆದುಬಂದ ರೂಢಿಯಿಂದಲೂ ವ್ಯಕ್ತವಾಗಬಹುದು. ಮೂವರೂ ಸಹಿ ಮಾಡಿದ ಹಾಳೆಯಲ್ಲಿ ಒಂದು ಅಂಕಿ ತಪ್ಪಿದ್ದರೆ ಅದನ್ನೇ ಹೊಸ ಕರಾರೆಂದು ವಾದಿಸುವವರು ಹುಟ್ಟಿಕೊಳ್ಳುತ್ತಾರೆ. ಆದುದರಿಂದ ತಲೆಬರಹದ ಕೆಳಗೆ 'ಇದು ಮನೆಯ ತಿಳಿವಳಿಕೆಗಾಗಿ. ಮೂಲ ಪತ್ರಗಳೇ ಪ್ರಮಾಣ' ಎಂದು ಬರೆದು, ಬರೆದ ದಿನಾಂಕವನ್ನೂ ನೋಡಿದ ಪತ್ರಗಳ ದಿನಾಂಕಗಳನ್ನೂ ಕಾಣಿಸಿ, ಮೂಲ ಪತ್ರದ ಜೆರಾಕ್ಸ್ ಪ್ರತಿಯೊಡನೆ ಇಟ್ಟುಕೊಳ್ಳಿ. ಖಾತೆಯ ಅಂಕಿಗಳು ಹಾಳೆಗೆ ತಾಳೆಯಾಗದಿದ್ದರೆ, ಸಂಸ್ಥೆಯ ಲೆಕ್ಕಪುಸ್ತಕಗಳನ್ನು ನೋಡಿ ನಕಲು ಮಾಡಿಕೊಳ್ಳುವ ಹಕ್ಕನ್ನು 12ನೆಯ ಕಲಮು ಪ್ರತಿಯೊಬ್ಬ ಪಾಲುದಾರನಿಗೂ ಕೊಟ್ಟಿದೆ.